ಸ್ಟಾರ್ ಒತ್ತುವ ಮುನ್ನ ರಿಪೋರ್ಟಿನಲ್ಲಿರುವ ಗಂಟೆ ನೋಡಿ

"ಎರಡು ಲ್ಯಾಬ್, ಎರಡು ರಿಪೋರ್ಟ್. ಮೊದಲನೆಯದು ಶುದ್ಧ ಮೋಸ." ಲ್ಯಾಬ್‌ಗಳಿಗೆ ಬೀಳುವ ಒಂದು ಸ್ಟಾರ್ ವಿಮರ್ಶೆಗಳಲ್ಲಿ ಇದು ಮಾಮೂಲಿ. ಬೈಗುಳ ಮಷಿನ್ನಿಗೆ ಬೀಳುತ್ತದೆ. ತಪ್ಪು ಮಾತ್ರ ಬಹಳ ಸಲ ರಕ್ತ ಮಷಿನ್ ತಲುಪುವ ಮೊದಲೇ ಆಗಿರುತ್ತದೆ, ಅದರ ಸುಳಿವೂ ನಿಮ್ಮ ಕೈಯಲ್ಲಿರುವ ಕಾಗದದಲ್ಲೇ ಇರುತ್ತದೆ.

ರಿಪೋರ್ಟಿನ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಮೂರು ಸಮಯಗಳಿರುತ್ತವೆ: ರಕ್ತ ತೆಗೆದದ್ದು, ಲ್ಯಾಬ್‌ಗೆ ಸ್ಯಾಂಪಲ್ ಬಂದದ್ದು, ರಿಪೋರ್ಟ್ ಕೊಟ್ಟದ್ದು. ಜನ ಮೂರನೆಯದನ್ನಷ್ಟೇ ನೋಡಿ "ಸಂಜೆಯೊಳಗೆ ಬಂತು, ಸೂಪರ್" ಎಂದು ಬರೆಯುತ್ತಾರೆ. ನೋಡಬೇಕಾದದ್ದು ಮೊದಲ ಎರಡರ ನಡುವಿನ ಅಂತರ.

ಒಂದು ಉದಾಹರಣೆ ನೋಡಿ. ಮನೆಗೇ ಬಂದು ಬೆಳಿಗ್ಗೆ 6.40ಕ್ಕೆ ರಕ್ತ ತೆಗೆದರು. ಹುಡುಗ ಇನ್ನೂ ಏಳೆಂಟು ಮನೆ ಸುತ್ತಿ ಬ್ಯಾಗನ್ನು ಲ್ಯಾಬ್‌ಗೆ ಮುಟ್ಟಿಸುವಾಗ 12.15. ರಿಪೋರ್ಟಿನಲ್ಲಿ ಪೊಟ್ಯಾಸಿಯಮ್ 5.9. ಮನೆಯವರೆಲ್ಲ ಗಾಬರಿ. ಮರುದಿನ ಇನ್ನೊಂದು ಲ್ಯಾಬ್‌ಗೇ ಹೋಗಿ ರಕ್ತ ಕೊಟ್ಟರೆ 4.4. ಆದರೆ ಸೋಡಿಯಂ, ಕ್ರಿಯಾಟಿನಿನ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಮಷಿನ್ ಕೆಟ್ಟಿದ್ದರೆ ಇಲ್ಲವೇ ಹೆಸರು ಅದಲುಬದಲಾಗಿದ್ದರೆ ಉಳಿದ ಅಂಕಿಗಳೂ ಏರುಪೇರಾಗುವ ಸಾಧ್ಯತೆ ಹೆಚ್ಚು. ಪೊಟ್ಯಾಸಿಯಮ್ ಒಂದೇ ಜಿಗಿದಿದ್ದರೆ ಸ್ಯಾಂಪಲ್ ಸಾಗಿಸಿದ ರೀತಿಯನ್ನು ಮೊದಲು ಅನುಮಾನಿಸಬೇಕು.

ಕಾರಣ ಸರಳ. ಪೊಟ್ಯಾಸಿಯಮ್ ರಕ್ತಕಣಗಳ ಒಳಗೆ ಹೊರಗಿನದಕ್ಕಿಂತ 20 ಪಟ್ಟಿಗೂ ಹೆಚ್ಚಿರುತ್ತದೆ. ಅದನ್ನು ಒಳಗೇ ಹಿಡಿದಿಡಲು ಕಣ ಸದಾ ದುಡಿಯುತ್ತಿರುತ್ತದೆ. ಟ್ಯೂಬನ್ನು ಐಸ್ ಪ್ಯಾಕ್ ಮೇಲೆ ಇಟ್ಟರೆ ಆ ಕೆಲಸ ನಿಂತು ಪೊಟ್ಯಾಸಿಯಮ್ ಮೆಲ್ಲಗೆ ಹೊರಗೆ ಸೋರುತ್ತದೆ. ಕಣ ಒಡೆದಿರುವುದಿಲ್ಲವಾದ್ದರಿಂದ ಕಣಗಳಿಂದ ಬೇರ್ಪಡುವ ತಿಳಿ ದ್ರವ, ಅಂದರೆ ಸೀರಂ, ಕೆಂಪಾಗುವುದಿಲ್ಲ, ಟೆಕ್ನಿಷಿಯನ್‌ಗೂ ಅನುಮಾನ ಬರುವುದಿಲ್ಲ. ಇದರ ಮೇಲೆ ರಕ್ತ ತೆಗೆಯುವಾಗ ತೋಳಿಗೆ ಪಟ್ಟಿ ಬಿಗಿದು "ಮುಷ್ಟಿ ಬಿಚ್ಚಿ ಮುಚ್ಚಿ" ಎಂದು ಪದೇ ಪದೇ ಮಾಡಿಸಿದ್ದರೆ, ಸ್ನಾಯುವಿನಿಂದ ಬಂದದ್ದೂ ಸೇರಿ ಅಂಕಿ ಇನ್ನಷ್ಟು ಏರುತ್ತದೆ.

"ಐಸ್ ಬಾಕ್ಸ್ ತಂದಿದ್ದರು, ತುಂಬಾ ಪ್ರೊಫೆಷನಲ್" ಎಂದು ಹೊಗಳುವವರಿಗೆ ಇದನ್ನು ಹೇಳಲೇಬೇಕು: ಸೀರಂ ಬೇರ್ಪಡಿಸದ ರಕ್ತವನ್ನು ತಣ್ಣಗಿಡುವುದು ಪೊಟ್ಯಾಸಿಯಮ್ ಮಟ್ಟಿಗೆ ಕೆಡುಕು. ಸಕ್ಕರೆಯದ್ದು ತದ್ವಿರುದ್ಧ. ಅದು ಬೆಚ್ಚಗಿದ್ದರೆ ಕೆಡುತ್ತದೆ, ಏಕೆಂದರೆ ಟ್ಯೂಬಿನೊಳಗೂ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು 5ರಿಂದ 7 ಶೇಕಡಾ. ಖಾಲಿ ಹೊಟ್ಟೆಯ 124 ಇದ್ದದ್ದು ನಾಲ್ಕೈದು ಗಂಟೆಯಲ್ಲಿ ನೂರರ ಕೆಳಗಿಳಿದು "ನಾರ್ಮಲ್" ಎಂದು ಬಂದರೆ ಯಾರೂ ದೂರುವುದಿಲ್ಲ, ಐದು ಸ್ಟಾರ್ ಕೊಡುತ್ತಾರೆ! ಅದಕ್ಕೇ ಸಕ್ಕರೆಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್. ಪೊಟ್ಯಾಸಿಯಮ್‌ಗೆ ಇರುವ ದಾರಿ, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಸೀರಂ ಬೇರ್ಪಡಿಸುವುದು. ಮನೆಗೆ ಬಂದವರನ್ನು "ಎಲ್ಲಿ ತಿರುಗಿಸುತ್ತೀರಿ, ಎಷ್ಟು ಹೊತ್ತಿಗೆ?" ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಅದನ್ನೇ ವಿಮರ್ಶೆಯಲ್ಲಿ ಬರೆಯಿರಿ.

ಒಂದು ಎಚ್ಚರಿಕೆ. ಹೆಚ್ಚು ಬಂದ ಪೊಟ್ಯಾಸಿಯಮ್ ಎಲ್ಲ ಸುಳ್ಳಲ್ಲ. ಕಿಡ್ನಿ ತೊಂದರೆ ಇರುವವರು, ಬಿ.ಪಿ.ಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಮಾತ್ರೆ ಅಥವಾ ಸ್ಪಿರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಲ್ಯಾಬ್ ಜೊತೆ ಜಗಳಕ್ಕೆ ನಿಲ್ಲದೆ ಅವತ್ತೇ ವೈದ್ಯರಿಗೆ ತೋರಿಸಬೇಕು. ಮರುಪರೀಕ್ಷೆ, ಇ.ಸಿ.ಜಿ. ಬೇಕೋ ಬೇಡವೋ ಅವರು ಹೇಳುತ್ತಾರೆ. ಮೇಲಿನ ಉದಾಹರಣೆಯಲ್ಲಿ ಮರುದಿನದವರೆಗೆ ಕಾದದ್ದೂ ಸರಿಯಲ್ಲ.

ಇನ್ನು 4.2 ಮತ್ತು 4.4ರ ವ್ಯತ್ಯಾಸಕ್ಕೆ ಯಾರನ್ನೂ ಬೈಯಬೇಡಿ. ಅದು ವ್ಯತ್ಯಾಸವೇ ಅಲ್ಲ.

ಹಾಗಾದರೆ ಆ 5.9ರ ಲ್ಯಾಬ್‌ಗೆ ಏನು ಬರೆಯಬೇಕು? "6.40ಕ್ಕೆ ರಕ್ತ ತೆಗೆದರು, 12.15ಕ್ಕೆ ಲ್ಯಾಬ್ ಸೇರಿತು. ಪೊಟ್ಯಾಸಿಯಮ್ ಹೆಚ್ಚಿದ್ದರೂ ಫೋನ್ ಬರಲಿಲ್ಲ. ನಾವೇ ಕೇಳಿದಾಗ ಮರುಪರೀಕ್ಷೆಗೆ ದುಡ್ಡು ಕೇಳಿದರು." ಇಷ್ಟು ಬರೆದರೆ ಮುಂದಿನವರಿಗೆ ಉಪಯೋಗ, ಲ್ಯಾಬ್‌ನವರಿಗೂ ಎಲ್ಲಿ ಸರಿಪಡಿಸಬೇಕೆಂದು ತಿಳಿಯುತ್ತದೆ. ಒಳ್ಳೆಯ ಲ್ಯಾಬ್ ಇಂಥ ಅಂಕಿ ಕಂಡರೆ ತಾನೇ ಫೋನ್ ಮಾಡಿ "ಇನ್ನೊಮ್ಮೆ ಸ್ಯಾಂಪಲ್ ಕೊಡಿ, ಚಾರ್ಜ್ ಇಲ್ಲ" ಎನ್ನುತ್ತದೆ. ಅದಕ್ಕೆ ಸ್ಟಾರ್ ಕಳೆಯುವವರೂ ಇದ್ದಾರೆ, ಎರಡು ಸಲ ಚುಚ್ಚಿದರಂತೆ!

ಮರ್ಯಾದೆಯ ವಿಷಯದಲ್ಲಿ ನಗುಮುಖಕ್ಕಿಂತ ಮುಖ್ಯವಾದದ್ದೊಂದಿದೆ. ರಕ್ತ ತೆಗೆಯುವ ಮೊದಲು ಹೆಸರು, ವಯಸ್ಸನ್ನು ನಿಮ್ಮ ಬಾಯಿಂದಲೇ ಹೇಳಿಸಿದರೇ? ಟ್ಯೂಬಿಗೆ ನಿಮ್ಮೆದುರೇ ಲೇಬಲ್ ಅಂಟಿಸಿದರೇ? ಜೇಬಿಗೆ ಹಾಕಿಕೊಂಡು ಆಮೇಲೆ ಬರೆಯುವವರಿಗೆ ಎಷ್ಟೇ ವಿನಯವಿದ್ದರೂ ಸ್ಟಾರ್ ಕೊಡಬೇಡಿ.

ದರದ ಬಗ್ಗೆ ಹೇಳುವುದು ಕಡಿಮೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಲ್ಯಾಬ್‌ಗಳಿಗೂ ಅನ್ವಯಿಸುತ್ತದೆ, ದರಪಟ್ಟಿ ಎಲ್ಲರಿಗೂ ಕಾಣುವಂತಿರಬೇಕು. "70 ಟೆಸ್ಟಿನ ಪ್ಯಾಕೇಜ್" ಅಗ್ಗವೋ ದುಬಾರಿಯೋ ಎಂದು ಬರೆಯುವ ಮೊದಲು ಡಾಕ್ಟರ್ ಚೀಟಿಯಲ್ಲಿ ಬರೆದ ನಾಲ್ಕೈದು ಟೆಸ್ಟುಗಳ ಬಿಡಿ ದರ ಕೂಡಿಸಿ ನೋಡಿ. ಮನೆಗೆ ಬಂದದ್ದಕ್ಕೆ ಬೇರೆ ಚಾರ್ಜ್ ಇತ್ತೇ, ಅದನ್ನು ಮೊದಲೇ ಹೇಳಿದ್ದರೇ ಎಂಬುದನ್ನೂ ಸೇರಿಸಿ.