‘ಮುಗಿಸಿ’ ಇದ್ದಲ್ಲೆಲ್ಲ ‘ಹ್ಯಾವಿಂಗ್ ಫಿನಿಶ್ಡ್’ ಬರೆಯಬಹುದೇ?

ಪ್ರಶ್ನೆ: ಮೇ ತಿಂಗಳಲ್ಲಿ ಪರೀಕ್ಷೆ ಬರೆದೆ, ಅಂಕಪಟ್ಟಿ ಇನ್ನೂ ಬಂದಿಲ್ಲ. ಇದನ್ನು ಅರ್ಜಿಯಲ್ಲಿ ‘ಹ್ಯಾವಿಂಗ್ ರಿಟನ್ ದಿ ಎಗ್ಸಾಮ್ ಇನ್ ಮೇ, ಮೈ ಮಾರ್ಕ್ಸ್ ಕಾರ್ಡ್ ಹ್ಯಾಸ್ ನಾಟ್ ಕಮ್’ ಎಂದು ಒಂದೇ ವಾಕ್ಯ ಮಾಡಿದೆ. ಓದಿದವರು ನಕ್ಕರು. ತಪ್ಪು ಎಲ್ಲಿದೆ? (ಯಾದಗಿರಿಯ ಪದವಿ ವಿದ್ಯಾರ್ಥಿ)

ಉತ್ತರ: ನಿಮ್ಮ ವಾಕ್ಯದಲ್ಲಿ ಪರೀಕ್ಷೆ ಬರೆದದ್ದು ನೀವಲ್ಲ, ಅಂಕಪಟ್ಟಿ. ಅದಕ್ಕೇ ನಕ್ಕಿದ್ದಾರೆ.

‘ಹ್ಯಾವಿಂಗ್ ರಿಟನ್’ ಎಂಬ ತುಂಡಿಗೆ ತನ್ನದೇ ಕರ್ತೃವಿಲ್ಲ. ಮುಖ್ಯ ವಾಕ್ಯದ ಕರ್ತೃವನ್ನೇ ಅದು ಎರವಲು ಪಡೆಯುತ್ತದೆ. ತುಂಡು ಮೊದಲು ಬಂದರೆ, ಅಲ್ಪವಿರಾಮದ ಆಚೆ ಯಾರಿದ್ದಾರೋ ಅವರೇ ಆ ಕೆಲಸ ಮಾಡಿದವರು. ಅಲ್ಲಿ ‘ಮಾರ್ಕ್ಸ್ ಕಾರ್ಡ್’ ಕುಳಿತಿದೆ.

ಕನ್ನಡದ ‘ಬರೆದು’, ‘ಮುಗಿಸಿ’ ಕೂಡ ಸಾಮಾನ್ಯವಾಗಿ ಒಬ್ಬನೇ ಕರ್ತೃವನ್ನು ಬಯಸುತ್ತವೆ. ಆದರೆ ನಮ್ಮ ಭಾಷೆ ಎರಡು ಕಡೆ ಹಗ್ಗ ಸಡಿಲ ಬಿಡುತ್ತದೆ; ನಾವು ಇಂಗ್ಲಿಷಿನಲ್ಲಿ ಎಡವುವುದು ಅಲ್ಲಿಯೇ. ಒಂದು, ‘ಮಳೆ ಬಂದು ಭೀಮಾ ನದಿ ತುಂಬಿತು’ ಎನ್ನುವಂಥ ವಾಕ್ಯ. ಬಂದದ್ದು ಮಳೆ, ತುಂಬಿದ್ದು ನದಿ. ನಮ್ಮ ಕಿವಿಗೆ ಏನೂ ತೊಡಕಿಲ್ಲ. ‘ಹ್ಯಾವಿಂಗ್ ರೇನ್ಡ್, ದ ಭೀಮಾ ಫಿಲ್ಡ್’ ಎಂದರೆ ಭೀಮೆಯೇ ಸುರಿದಂತಾಗುತ್ತದೆ. ಅಲ್ಲಿ ‘ಬಿಕಾಸ್ ಇಟ್ ರೇನ್ಡ್’ ಎಂದು ಬರೆದರೆ ಸಾಕು.

ಇನ್ನೊಂದು, ‘ನನಗೆ’ ಬರುವ ವಾಕ್ಯ. ‘ಇಡೀ ದಿನ ತೊಗರಿ ರಾಶಿ ಮಾಡಿ ನನಗೆ ಸುಸ್ತಾಯಿತು.’ ದುಡಿದವನು ಇಲ್ಲಿ ‘ನನಗೆ’ ಎಂಬ ಚತುರ್ಥಿಯಲ್ಲಿ ಅಡಗಿದ್ದಾನೆ, ನಾವು ಅವನನ್ನು ಸುಲಭವಾಗಿ ಗುರುತಿಸುತ್ತೇವೆ. ಇಂಗ್ಲಿಷಿನಲ್ಲಿ ಅವನು ‘ಐ’ ಆಗಿ ಮುಂದೆ ಬರಲೇಬೇಕು: ‘ಹ್ಯಾವಿಂಗ್ ವರ್ಕ್ಡ್ ಆಲ್ ಡೇ, ಐ ವಾಸ್ ಟೈರ್ಡ್.’

ಈಗ ನಿಮ್ಮ ಅರ್ಜಿಗೆ ಬರೋಣ. ಕರ್ತೃವನ್ನು ಬದಲಿಸಿ ‘ಹ್ಯಾವಿಂಗ್ ರಿಟನ್ ದಿ ಎಗ್ಸಾಮ್ ಇನ್ ಮೇ, ಐ ಹ್ಯಾವ್ ನಾಟ್ ರಿಸೀವ್ಡ್ ಮೈ ಮಾರ್ಕ್ಸ್ ಕಾರ್ಡ್’ ಎಂದರೆ ವ್ಯಾಕರಣ ಸರಿಹೋಗುತ್ತದೆ. ಆದರೂ ನನಗೆ ಸಮಾಧಾನವಿಲ್ಲ. ‘ಹ್ಯಾವಿಂಗ್’ ಸಾಮಾನ್ಯವಾಗಿ ‘ಆದ ಮೇಲೆ’ ಅಥವಾ ‘ಆದ ಕಾರಣ’ ಎಂಬ ಅರ್ಥ ಕೊಡುತ್ತದೆ. ಪರೀಕ್ಷೆ ಬರೆದ ಕಾರಣಕ್ಕೇ ಅಂಕಪಟ್ಟಿ ಸಿಗಲಿಲ್ಲ ಎಂದು ನೀವು ಹೇಳುತ್ತಿಲ್ಲವಲ್ಲ! ನಿಮ್ಮ ದೂರಿನ ಜೀವ ಇರುವುದು ‘ಬರೆದರೂ’ ಎಂಬುದರಲ್ಲಿ. ಆ ‘-ಊ’ ಉಳಿಯಬೇಕಾದರೆ ‘ಆಲ್ದೋ’ ಬೇಕು: ‘ಆಲ್ದೋ ಐ ರೋಟ್ ದಿ ಎಗ್ಸಾಮ್ ಇನ್ ಮೇ, ಐ ಹ್ಯಾವ್ ನಾಟ್ ರಿಸೀವ್ಡ್ ಮೈ ಮಾರ್ಕ್ಸ್ ಕಾರ್ಡ್.’

ಎರಡು ಕರ್ತೃಗಳನ್ನು ಇಟ್ಟುಕೊಂಡೇ ಬರೆಯುವ ದಾರಿಯೂ ಇದೆ: ‘ದ ರೇನ್ ಹ್ಯಾವಿಂಗ್ ಸ್ಟಾಪ್ಡ್, ವಿ ಲೆಫ್ಟ್.’ ತುಂಡಿಗೆ ಅದರದೇ ಕರ್ತೃ ‘ರೇನ್’ ಸಿಕ್ಕಿರುವುದರಿಂದ ಇದು ಶುದ್ಧ. ಆದರೆ ಗ್ರಾಂಥಿಕ ಬಿಗುವು ಹೆಚ್ಚು; ಅರ್ಜಿಯಲ್ಲಿ ‘ವೆನ್ ದ ರೇನ್ ಸ್ಟಾಪ್ಡ್’ ಎನ್ನುವುದೇ ಹಿತ.