ಸಾವಿರ ಕಟ್ಟಿದರೂ ಸಾಲ ಇಳಿದದ್ದು ಬರೀ 174

ದುಡ್ಡಿನ ವಿಷಯಕ್ಕೆ ಒಂದು ನಿಮಿಷದ ರೀಲ್ ಮಾಡುವ ಹುಡುಗರು ನಮ್ಮ ಮುಂಬೈ ಕನ್ನಡಿಗರಲ್ಲೂ ಈಗ ಸಾಕಷ್ಟು ಜನ ಇದ್ದಾರೆ. ಅವರಿಗೆ ಯಾರೋ ತಲೆಗೆ ತುಂಬಿರುತ್ತಾರೆ: ಜನರ ಗಮನ 8 ಸೆಕೆಂಡ್, ಗೋಲ್ಡ್ ಫಿಶ್‌ಗಿಂತಲೂ ಕಡಿಮೆ, ಹಾಗಾಗಿ ಬಂದ ಕೂಡಲೇ ಕಿರುಚಬೇಕು. ಈ 8 ಸೆಕೆಂಡಿನ ಕತೆಗೆ ಗಟ್ಟಿ ಸಂಶೋಧನೆಯ ಬುಡವೇ ಇಲ್ಲ. ಅದೇ ಜನ ಮೂರು ಗಂಟೆ ಕ್ರಿಕೆಟ್ ನೋಡ್ತಾರೆ, ಅಲ್ವಾ? ಗಮನ ಕಡಿಮೆಯಾಗಿಲ್ಲ. ಮೊದಲ ಮೂರು ಸೆಕೆಂಡಿನಲ್ಲಿ ನಿಲ್ಲಲು ಅವರಿಗೆ ಕಾರಣ ಸಿಕ್ಕಿಲ್ಲ, ಅಷ್ಟೇ.

ಆ ಕಾರಣ ಏನು ಎಂದು 1994ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ ಬಹಳ ಚೆನ್ನಾಗಿ ಬಿಡಿಸಿಟ್ಟರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಿರುವುದಕ್ಕೂ ನಡುವೆ ಒಂದು ಕಂದರ ಕಂಡಾಗ ಕುತೂಹಲ ಹುಟ್ಟುತ್ತದೆ ಎಂದರು. ಏನೂ ಗೊತ್ತಿಲ್ಲದವನಿಗೆ ಕಂದರವೇ ಕಾಣುವುದಿಲ್ಲ. 2009ರಲ್ಲಿ ಸಂಶೋಧಕಿ ಮಿನ್ ಜಿಯೋಂಗ್ ಕಾಂಗ್ ಮತ್ತು ಜೊತೆಗಾರರು ಸಾಮಾನ್ಯಜ್ಞಾನದ ಪ್ರಶ್ನೆ ಕೇಳಿ ಅಳೆದಾಗಲೂ ಹಾಗೇ ಆಯಿತು: ಉತ್ತರ ಗೊತ್ತೇ ಇಲ್ಲ ಅನ್ನುವವರಿಗೂ ಖಂಡಿತ ಗೊತ್ತು ಅನ್ನುವವರಿಗೂ ಕುತೂಹಲ ಕಡಿಮೆ. 'ಬಹುಶಃ ಹೀಗಿರಬಹುದು' ಅನ್ನುವ ನಡುವಿನ ಜಾಗದಲ್ಲಿ ಅದು ಜಾಸ್ತಿ.

ಮಾಟುಂಗದ ಹೋಟೆಲಿನಲ್ಲಿ ಇಡ್ಲಿ, ಕಾಫಿ ಮುಗಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿರುತ್ತೀರಿ. ಬಿಲ್ ಇಪ್ಪತ್ತು ರೂಪಾಯಿ ಜಾಸ್ತಿ ಬಂದರೆ ತಕ್ಷಣ ಕಣ್ಣು ಅಲ್ಲೇ ನಿಲ್ಲುತ್ತದೆ. ನಿಮ್ಮದೇ ಒಂದು ಲೆಕ್ಕ ಇತ್ತು, ಅದು ತಪ್ಪಿತು. ರೀಲ್‌ನ ಆರಂಭದಲ್ಲೇ ನೋಡುವವರನ್ನು ಹಿಡಿದು ನಿಲ್ಲಿಸುವ ಮಾತಿಗೆ ಹುಕ್ ಅನ್ನುತ್ತಾರೆ. ಅದು ಇಷ್ಟೇ: ಮೊದಲು ನೋಡುವವರ ತಲೆಯಲ್ಲಿ ಒಂದು ಲೆಕ್ಕ ಕೂರಿಸಬೇಕು, ಆಮೇಲೆ ಅದನ್ನು ತಪ್ಪಿಸಬೇಕು.

ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಸ್ವಲ್ಪಸ್ವಲ್ಪವೇ ಕಟ್ಟುವ ಅಭ್ಯಾಸದ ಮೇಲೆ ವಿಡಿಯೋ ಮಾಡಿದ್ದ. ಆರಂಭ ಹೀಗಿತ್ತು: 'ನಮಸ್ಕಾರ ಸ್ನೇಹಿತರೇ, ಇವತ್ತು ನಾವು ಕ್ರೆಡಿಟ್ ಕಾರ್ಡ್ ಬಡ್ಡಿಯ ಬಗ್ಗೆ ತಿಳಿಯೋಣ.' ಮೂರು ಸೆಕೆಂಡ್ ಅಲ್ಲಿಗೇ ಖಾಲಿ. 'ಮಾಮ, ನಮಸ್ಕಾರ ಹೇಳದೆ ಶುರು ಮಾಡಿದ್ರೆ ಮರ್ಯಾದೆ ಇರುತ್ತಾ?' ಅಂದ. ಮರ್ಯಾದೆಯನ್ನು ಕೊನೆಗೆ ಇಟ್ಟುಕೋ ಮಾರಾಯ ಅಂದೆ.

ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿದೆವು. ಕಾರ್ಡಿನಲ್ಲಿ ಹಳೆ ಬಾಕಿ 20,000. ಬಡ್ಡಿ ತಿಂಗಳಿಗೆ ಶೇ. 3.5 ಎಂದುಕೊಳ್ಳಿ. ಹೊಸ ಖರೀದಿ ಇಲ್ಲ. ತಿಂಗಳ ಕೊನೆಗೆ 1,000 ಕಟ್ಟಿದ. ಬಡ್ಡಿ 700, ಆ ಬಡ್ಡಿಯ ಮೇಲೆ ಶೇ. 18ರಂತೆ ಜಿಎಸ್‌ಟಿ 126. ಒಟ್ಟು 826 ಅಲ್ಲೇ ಹೋಯಿತು. ಬಾಕಿ ಈಗ 19,826.

ಹುಕ್ ತಾನಾಗಿಯೇ ಸಿಕ್ಕಿತು. 'ಇಪ್ಪತ್ತು ಸಾವಿರ ಸಾಲ. ಸಾವಿರ ಕಟ್ಟಿದೆ. ಇಳಿದದ್ದು 174.' ಮೊದಲ ಎರಡು ವಾಕ್ಯ ಕೇಳಿದವರು ತಮಗೇ ಗೊತ್ತಿಲ್ಲದೆ 19,000 ಎಂದು ಕಳೆದುಬಿಟ್ಟಿರುತ್ತಾರೆ. ಮೂರನೆಯದು ಅದನ್ನು ಒಡೆಯುತ್ತದೆ. ಹಿಂದೆಯೇ 'ಉಳಿದ 826 ಎಲ್ಲಿ ಹೋಯ್ತು?' ಎಂದು ಕೇಳಿದರೆ ಮುಂದಿನ ಮೂವತ್ತು ಸೆಕೆಂಡ್ ಏನು ಹೇಳಬೇಕು ಅನ್ನುವುದೂ ತೀರ್ಮಾನವಾಗುತ್ತದೆ.

ಕನ್ನಡದಲ್ಲಿ ಒಂದು ಅನುಕೂಲವಿದೆ. ಅಚ್ಚರಿಯ ಮಾತನ್ನು ವಾಕ್ಯದ ಕೊನೆಗೆ ತಳ್ಳುವುದು ನಮಗೆ ಸಹಜ. 'ಬರೀ 174 ರೂಪಾಯಿ ಇಳಿಯಿತು, ಸಾವಿರ ಕಟ್ಟಿದ್ದಕ್ಕೆ' ಎಂದರೆ ಲೆಕ್ಕ ಕೂರುವ ಮೊದಲೇ ಒಡೆದುಹೋಗುತ್ತದೆ. ಸಂಖ್ಯೆಯನ್ನು ಪರದೆಯ ಮೇಲೂ ದೊಡ್ಡದಾಗಿ ಹಾಕಬೇಕು. ಲೋಕಲ್ ಟ್ರೈನಿನಲ್ಲಿ ನಿಂತವರು ಸದ್ದಿಲ್ಲದೆ ನೋಡುತ್ತಾರೆ. ಪರದೆಯ ಕೆಳಭಾಗ ಕ್ಯಾಪ್ಶನ್‌ಗೆ, ಬಲ ಅಂಚು ಲೈಕ್ ಗುಂಡಿಗಳಿಗೆ ಹೋಗುತ್ತದೆ. ಸಂಖ್ಯೆ ನಡುವಿಗಿಂತ ಸ್ವಲ್ಪ ಮೇಲಿರಲಿ.

'ಶೇ. 99 ಜನರಿಗೆ ಇದು ಗೊತ್ತಿಲ್ಲ' ಅನ್ನುವುದು ನನಗೆ ಸಿಟ್ಟು ಬರಿಸುವ ಹುಕ್. ಎಣಿಸಿದವರು ಯಾರು? ಅದು ನೋಡುವವರ ತಲೆಯಲ್ಲಿ ಯಾವ ಲೆಕ್ಕವನ್ನೂ ಕೂರಿಸುವುದಿಲ್ಲ, ಸುಮ್ನೆ ಹೆದರಿಸುತ್ತದೆ.

ಹುಕ್ ಕೆಲಸ ಮಾಡಿತೇ ಎಂದು ತಿಳಿಯಲು ಎಷ್ಟು ಜನ ಎಲ್ಲಿವರೆಗೆ ನೋಡಿದರು ಎಂದು ತೋರಿಸುವ ಗ್ರಾಫಿನ ಗೆರೆಯನ್ನು ನೋಡಬೇಕು. ಮೊದಲ ಮೂರು ಸೆಕೆಂಡಿನಲ್ಲೇ ಗೆರೆ ಧೊಪ್ಪೆಂದು ಬಿದ್ದರೆ ಹುಕ್ ಸೋತಿದೆ. ಅಲ್ಲಿ ನಿಂತು ಹತ್ತನೇ ಸೆಕೆಂಡಿನಲ್ಲಿ ಬಿದ್ದರೆ ಹುಕ್ ಸರಿಯಿದೆ, 826ರ ಉತ್ತರಕ್ಕೆ ಬರುವ ಬದಲು ಬೇರೆ ಮಾತು ಶುರುವಾಗಿದೆ. ಉತ್ತರ ಸಿಕ್ಕ ಮೇಲೆ ಬಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಬೇಕಾದ್ದು ಸಿಕ್ಕಿತು, ಹೋದರು.

ಇನ್ನೊಂದು ಎಚ್ಚರಿಕೆ. ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ, ಅದನ್ನು ಲೆಕ್ಕ ಹಾಕುವ ರೀತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವರು ಬಡ್ಡಿ, ತೆರಿಗೆ ಪೂರ್ತಿ ಸೇರಿಸಿ ಅದರ ಮೇಲೆ ಅಸಲಿನ ಒಂದು ಭಾಗ ಕೇಳುತ್ತಾರೆ. ಅಲ್ಲಿ ಈ 174 ಬರುವುದಿಲ್ಲ. ಹಾಗಾಗಿ ಹುಕ್‌ನಲ್ಲಿ 'ಮಿನಿಮಮ್ ಡ್ಯೂ ಕಟ್ಟಿದೆ' ಅನ್ನದೆ 'ಸಾವಿರ ಕಟ್ಟಿದೆ' ಅಂದೆವು. ಬಾಕಿ ಉಳಿಸಿಕೊಂಡಾಗ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಹೋಗುತ್ತವೆ ಎಂದು ಹುಡುಗ ಅದನ್ನೂ ತುರುಕಲು ಹೊರಟಿದ್ದ. ಅದು ನಿಜ, ಮುಖ್ಯವೂ ಹೌದು. ಆದರೆ ಅದಕ್ಕೆ ಬೇರೆ ಲೆಕ್ಕ, ಬೇರೆ ಹುಕ್, ಬೇರೆ ವಿಡಿಯೋ.