ರಜೆ ಇದೆಯಾ ಅಂತ ನೋಡಲು ತೆಗೆದ ಫೋನು ಒಂದು ಗಂಟೆಯಾದರೂ ಯಾಕೆ ಕೈಬಿಡುವುದಿಲ್ಲ?

ಪ್ರಶ್ನೆ: ಮಳೆ ಹೊಡೆಯುವ ರಾತ್ರಿ, ನಾಳೆ ಶಾಲೆಗೆ ರಜೆಯೋ ಏನೋ ಅಂತ ಹತ್ತಕ್ಕೆ ಫೋನ್ ತೆಗೆಯುತ್ತೇನೆ. ಗುಡ್ಡ ಕುಸಿತ, ನೆರೆ, ಅಪಘಾತ ನೋಡುತ್ತಾ ಒಂದು ಗಂಟೆಯಾಗಿರುತ್ತದೆ. ಬಿಡುವುದು ಹೇಗೆ? (ಕುಮಟಾದ ಓದುಗರು)

ಉತ್ತರ: ಪೇಪರಿಗೆ ಕೊನೆಯ ಪುಟ ಇರುತ್ತದೆ, ಫೀಡಿಗೆ ಇಲ್ಲ. ನಿಮ್ಮ ಪ್ರಶ್ನೆಗಂತೂ ಆ ಹೊತ್ತಿನಲ್ಲಿ ಉತ್ತರವೇ ಹುಟ್ಟಿರದೆ ಇರಬಹುದು. ಜಿಲ್ಲಾಧಿಕಾರಿಗಳ ರಜೆ ಆದೇಶ ಎಷ್ಟೋ ಸಲ ಬೆಳಿಗ್ಗೆಯೇ ಬರುತ್ತದೆ. ಸಿಗದ ಉತ್ತರಕ್ಕಾಗಿ ಬೆರಳು ಮತ್ತೆ ಮತ್ತೆ ಎಳೆಯುತ್ತದೆ, ಹತ್ತರಲ್ಲೊಂದು ಸಲ ಹೊಸ ಸುದ್ದಿ ಸಿಕ್ಕರೆ ಸಾಕು, ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೇಲಾಗಿ ಫೀಡು ತಾರೀಖಿನ ಕ್ರಮದಲ್ಲಿ ಬರುವುದಿಲ್ಲ. 2024ರ ಜುಲೈಯ ಶಿರೂರು ಗುಡ್ಡ ಕುಸಿತದ ವೀಡಿಯೋ ಈ ರಾತ್ರಿಯದೇ ಎನ್ನುವಂತೆ ಎದುರಿಗೆ ಬರಬಹುದು. ಎದೆ ಧಸಕ್ಕೆಂದಾಗ ಮೊದಲು ತಾರೀಖು ನೋಡಿ.

ಹೆಚ್ಚಿನವರು ಆ್ಯಪ್‌ಗೆ ದಿನಕ್ಕೆ ಅರ್ಧ ಗಂಟೆಯ ಟೈಮರ್ ಹಾಕಿ ಸೋಲುತ್ತಾರೆ. ಆಂಡ್ರಾಯ್ಡಿನ ಈ ಟೈಮರ್ ಮಧ್ಯರಾತ್ರಿ ಹನ್ನೆರಡಕ್ಕೆ ಹೊಸದಾಗಿ ಶುರುವಾಗುತ್ತದೆ. ಹನ್ನೊಂದೂವರೆಗೆ ಮುಚ್ಚಿದ ಬಾಗಿಲು ಹನ್ನೆರಡಕ್ಕೆ ತಾನೇ ತೆರೆದುಕೊಂಡಂತೆ!

ನಿಮಗೆ ಬೇಕಾದದ್ದು, ಆರಿಸಿದ ಆ್ಯಪ್‌ಗಳನ್ನು ಹೇಳಿದ ವೇಳೆಯಲ್ಲಿ ಮುಚ್ಚಿಡುವ Focus mode. Settings ಒಳಗೆ Digital Wellbeing ತೆರೆದು Focus mode ಒತ್ತಿ. (ಫೋನಿನ ಕಂಪನಿಗೆ ತಕ್ಕಂತೆ ಹೆಸರು ಸ್ವಲ್ಪ ಬೇರೆ ಇರಬಹುದು.) ಸುದ್ದಿ, ವೀಡಿಯೋ, ಫೇಸ್‌ಬುಕ್ ಆ್ಯಪ್‌ಗಳನ್ನು ಆರಿಸಿ, ಎಲ್ಲ ದಿನವೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಂದು ವೇಳೆ ಕೊಡಿ. ಬ್ರೌಸರ್ ಸೇರಿಸಲು ಮರೆಯಬೇಡಿ, ಜನ ನುಸುಳುವುದು ಆ ಕಿಂಡಿಯಿಂದಲೇ. ವಾಟ್ಸ್ಯಾಪ್ ಬಿಡಿ. ಶಾಲೆಯ ಗ್ರೂಪಿನ ಸದ್ದು ಮಾತ್ರ ಇಟ್ಟು ಉಳಿದ ಗ್ರೂಪುಗಳನ್ನು Mute ಮಾಡಿ.

ಇನ್ನು ನಿಮ್ಮ ರಾತ್ರಿ ಹೀಗಿರಲಿ. ಒಂಬತ್ತೂವರೆಗೆ ಒಮ್ಮೆ ಹವಾಮಾನ ಇಲಾಖೆಯ mausam.imd.gov.in ತೆರೆದು ಉತ್ತರ ಕನ್ನಡದ ಬಣ್ಣ ನೋಡಿ. ಕೆಂಪು ಎಂದರೆ 24 ಗಂಟೆಯಲ್ಲಿ 204.5 ಮಿ.ಮೀ.ಗಿಂತ ಹೆಚ್ಚು ಮಳೆಯ ಸಾಧ್ಯತೆ, ಕಿತ್ತಳೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಕೆಂಪಿದ್ದರೆ ಯೂನಿಫಾರ್ಮ್ ಇಸ್ತ್ರಿ ಮಾಡಿಯೇ ಇಡಿ, ಆದರೆ ರಜೆಯನ್ನೂ ನಿರೀಕ್ಷಿಸಿ. ನಂತರ ಫೋನನ್ನು ಮಂಚದಿಂದ ಎದ್ದು ಹೋಗಬೇಕಾದಷ್ಟು ದೂರ, ಅಡುಗೆಮನೆಯ ಕಡೆ ಚಾರ್ಜಿಗೆ ಹಾಕಿ. ಅಲಾರಾಂ ಆರಕ್ಕೆ, ಗ್ರೂಪು ನೋಡುವುದೂ ಆಗಲೇ. ಮೊದಲ ಮೂರ್ನಾಲ್ಕು ರಾತ್ರಿ ಎದ್ದು ಹೋಗುವ ಮನಸ್ಸಾಗುತ್ತದೆ. ಹಾಗೆ ಹೋಗಿ, ಮುಚ್ಚಿದ ಆ್ಯಪ್ ಸ್ವಲ್ಪ ಹೊತ್ತು ತೆರೆಯುವ Take a break ಒತ್ತಿದರೆ 5 ನಿಮಿಷವನ್ನೇ ಆರಿಸಿ, 30 ಅಲ್ಲ.

ಗುಡ್ಡದ ಬುಡದಲ್ಲೋ ಹೊಳೆ ದಂಡೆಯಲ್ಲೋ ಮನೆಯಿದ್ದವರ ಲೆಕ್ಕ ಬೇರೆ. ಅವರು ಫೋನನ್ನು ಹತ್ತಿರವೇ, ಕರೆಯ ಸದ್ದು ಜೋರಾಗಿಯೇ ಇಟ್ಟುಕೊಳ್ಳಬೇಕು. Do Not Disturb ಹಾಕುವುದಾದರೆ ಅದರಲ್ಲಿ ಪಕ್ಕದ ಮನೆಯವರಿಗೂ ನೆಂಟರಿಗೂ ವಿನಾಯಿತಿ ಕೊಡಿ. ಮಣ್ಣು ಜಾರುವ ಸದ್ದು ಕೇಳಿದರೆ ಮೊದಲು ಹೊರಗೆ ಬನ್ನಿ, ಆಮೇಲೆ 112ಕ್ಕೆ ಕರೆ ಮಾಡಿ.